ವಿಷಯ: ಆರ್ಡರ್ 58213, 150 ರೂಪಾಯಿ ಜಾಸ್ತಿ ಕಟ್ ಆಗಿದೆ, ವಾಪಸ್ ಬೇಕು

ನಮಸ್ಕಾರ,

ಅಕ್ಟೋಬರ್ 9ರಂದು ನಿಮ್ಮಲ್ಲಿ ಮಾಡಿದ ಆರ್ಡರಿಗೆ 1,220 ರೂಪಾಯಿ ಆಗಬೇಕಿತ್ತು. ಕಟ್ ಆಗಿದ್ದು 1,370. ಹೆಚ್ಚಿಗೆ ಹೋದ 150 ರೂಪಾಯಿಯನ್ನು ನಾನು ಹಣ ಕಳಿಸಿದ ಖಾತೆಗೇ ವಾಪಸ್ ಹಾಕಿ. ಮೂರು ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.

ಆರ್ಡರ್ ನಂಬರ್: 58213
ಆರ್ಡರ್ ಮಾಡಿದ್ದು: 9 ಅಕ್ಟೋಬರ್ 2025, ಸಂಜೆ 7.38
ಪಾರ್ಸೆಲ್ ಬಂದಿದ್ದು: 14 ಅಕ್ಟೋಬರ್, ಡೊಂಬಿವಲಿ ಪೂರ್ವ, 421201
ಹಣ ಕಟ್ಟಿದ್ದು: ಯುಪಿಐ ಮೂಲಕ (12 ಅಂಕಿಯ ರೆಫರೆನ್ಸ್ ನಂಬರ್ ಮೂರನೇ ಸ್ಕ್ರೀನ್‌ಶಾಟಿನಲ್ಲಿದೆ)

ಖಡಕ್ ಜೋಳದ ರೊಟ್ಟಿ, 30ರ ಪ್ಯಾಕ್, ಎರಡು: 420
ಶೇಂಗಾ ಚಟ್ನಿ ಪುಡಿ, ಅರ್ಧ ಕೆಜಿ: 190
ಗುರೆಳ್ಳು ಚಟ್ನಿ ಪುಡಿ, ಕಾಲು ಕೆಜಿ: 130
ಶೇಂಗಾ ಹೋಳಿಗೆ, 10ರ ಪ್ಯಾಕ್, ಎರಡು: 360
ಸಾಮಾನಿನ ಒಟ್ಟು: 1,100

ಇದಕ್ಕೆ ಡೊಂಬಿವಲಿಯ ಕೊರಿಯರ್ ಖರ್ಚು 120 ಸೇರಿ 1,220. ಮೊದಲನೇ ಸ್ಕ್ರೀನ್‌ಶಾಟಿನಲ್ಲಿ ಕಾರ್ಟ್ ಇದನ್ನೇ ತೋರಿಸುತ್ತಿದೆ. ಆವತ್ತು 7.31ಕ್ಕೆ "ಹಬ್ಬಕ್ಕೆ ಇಷ್ಟು ಸಾಕಾ?" ಅಂತ ಕೇಳೋಕೆ ನಮ್ಮ ಅತ್ತಿಗೆಗೆ ವಾಟ್ಸಾಪಿನಲ್ಲಿ ಕಳಿಸಿದ್ದೆ, ಹಾಗಾಗಿ ಉಳಿದಿದೆ.

ಈಗ ಎರಡನೇ ಸ್ಕ್ರೀನ್‌ಶಾಟ್ ನೋಡಿ. ಪಾರ್ಸೆಲ್ ಜೊತೆ ಬಂದ ಬಿಲ್ ಇದು. ಸಾಮಾನಿನ ಕೆಳಗೆ ಮೂರು ಸಾಲು ಇವೆ. ಕೆಂಪು ಗೆರೆ ಎಳೆದವಳು ನಾನೇ:

```
Shipping - 411038    110.00
Shipping - 421201    120.00
COD Fee               40.00
```

411038 ಅಂದರೆ ಪುಣೆಯ ಕೋಥ್ರೂಡ್. ನನ್ನ ಮಗ ಅಲ್ಲಿ ರೂಮ್ ಮಾಡಿಕೊಂಡಿದ್ದಾನೆ. ಮಧ್ಯಾಹ್ನ ಅವನ ವಿಳಾಸ ಹಾಕಿ, ಪಾರ್ಸೆಲ್ ಬಂದಾಗ ದುಡ್ಡು ಕೊಡುವ ಆಯ್ಕೆ ಒತ್ತಿದ್ದೆ, ಆದರೆ ಆರ್ಡರ್ ಮುಗಿಸಿರಲಿಲ್ಲ. ದೀಪಾವಳಿಗೆ ಮನೆಗೇ ಬರ್ತೀನಿ ಅಂತ ಸಂಜೆ ಅವನು ಹೇಳಿದ ಮೇಲೆ ವಿಳಾಸವನ್ನು ಡೊಂಬಿವಲಿಗೆ ಬದಲಿಸಿದೆ, ಪಾವತಿಯನ್ನು ಯುಪಿಐಗೆ ಬದಲಿಸಿದೆ. ಬದಲಿಸಿದ ಎರಡೂ ಕಡೆ ನಿಮ್ಮ ವೆಬ್‌ಸೈಟ್ ಹೊಸದನ್ನು ಹಿಡಿದುಕೊಂಡಿದೆ, ಹಳೆಯದನ್ನು ಬಿಟ್ಟಿಲ್ಲ. ಕಾರ್ಟಿನಲ್ಲಿ ಸರಿ ಇದ್ದ ಲೆಕ್ಕ ಹಣ ಕಟ್ಟುವ ಪುಟದಲ್ಲಿ ಕೆಟ್ಟಿದೆ. ಬಂದಿದ್ದು ಒಂದೇ ಡಬ್ಬ, ಪುಣೆಗೆ ಏನೂ ಹೋಗಿಲ್ಲ. ಮುಂಚೆಯೇ ಹಣ ಕಟ್ಟಿದವಳಿಗೆ ಕ್ಯಾಶ್ ಆನ್ ಡೆಲಿವರಿ ಶುಲ್ಕ ಯಾಕೆ? 110 ಮತ್ತು 40, ಅದೇ ಆ 150.

ಪಿನ್ ಒತ್ತುವ ಮುಂಚೆ ಮೊತ್ತ ನೋಡಬೇಕಿತ್ತು, ಒಪ್ಪುತ್ತೇನೆ. ಲೋಕಲ್‌ನಲ್ಲಿ ನಿಂತಿದ್ದೆ, ಠಾಣೆ ದಾಟಿ ಡೊಂಬಿವಲಿಗೆ ಇಳಿಯುವವರೆಲ್ಲ ಬಾಗಿಲ ಕಡೆ ನೂಕುತ್ತಿದ್ದರು. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಫೋನು. ಹಾಗಂತ ತಪ್ಪು ಲೆಕ್ಕ ಸರಿಯಾಗಿಬಿಡುವುದಿಲ್ಲ ಅಲ್ವಾ?

15ನೇ ತಾರೀಖು ನಿಮ್ಮ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ದೆ. ಮಾತಾಡಿದ ಹುಡುಗ ಮರ್ಯಾದೆಯಿಂದಲೇ ಮಾತಾಡಿದ. "ಸಿಸ್ಟಮ್ ತಾನಾಗೇ ಹಾಕುತ್ತೆ ಅಕ್ಕಾ, ನಮ್ಮ ಕೈಯಲ್ಲಿಲ್ಲ. ಮುಂದಿನ ಆರ್ಡರಿಗೆ 150ರ ಕೂಪನ್ ಕೊಡ್ತೀವಿ" ಅಂದ. ಕೂಪನ್ ಬೇಡ. ಅದನ್ನು ಬಳಸೋಕೆ ನಾನು ಮತ್ತೆ ದುಡ್ಡು ಖರ್ಚು ಮಾಡಬೇಕು, ಅದೂ ಇದೇ ಪುಟದಲ್ಲಿ. ಹೋಗಿದ್ದು ದುಡ್ಡು, ದುಡ್ಡೇ ವಾಪಸ್ ಬರಲಿ.

ಸಾಮಾನಿನ ಬಗ್ಗೆ ದೂರಿಲ್ಲ. 60 ರೊಟ್ಟಿಯಲ್ಲಿ ಒಂದೂ ಮುರಿದಿರಲಿಲ್ಲ, ಈ ದಾರಿಗೆ ಅದು ದೊಡ್ಡ ವಿಷಯ. ಹೋಳಿಗೆಯ ಒಂದು ಪ್ಯಾಕ್ ಪಕ್ಕದ ಮನೆ ಕಾಕು ಪಾಲಾಯಿತು. ನಿಮ್ಮ ವೆಬ್‌ಸೈಟಿನ ಹೆಸರನ್ನೂ ಕೇಳಿದ್ದಾರೆ. ಇದು ಬಗೆಹರಿಯಲಿ, ಆಮೇಲೆ ಕೊಡುತ್ತೇನೆ.

ಇ-ಕಾಮರ್ಸ್‌ನ 2020ರ ನಿಯಮದ ಪ್ರಕಾರ ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. 150 ರೂಪಾಯಿಗೆ ತಿಂಗಳು ಬೇಕಾಗಲಾರದು. ನಿಮ್ಮ ಪುಟದ ಕೆಳಗಿರುವ ಕುಂದುಕೊರತೆ ಅಧಿಕಾರಿಯ ವಿಳಾಸಕ್ಕೂ ಈ ಮೇಲ್ ಹೋಗಿದೆ. ಉತ್ತರವೇ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಇದೇ ಮೂರು ಸ್ಕ್ರೀನ್‌ಶಾಟ್ ಹಿಡಿದು ದೂರು ಕೊಡುತ್ತೇನೆ. ಅಲ್ಲಿಗೆ ಹೋಗುವ ಆಸೆ ನನಗಂತೂ ಇಲ್ಲ.

ಹಣ ಹಾಕಿದ ಮೇಲೆ ರಿಫಂಡಿನ ರೆಫರೆನ್ಸ್ ನಂಬರನ್ನು ಈ ಮೇಲ್‌ಗೇ ಕಳಿಸಿ. 1,220ರ ಸರಿಯಾದ ಬಿಲ್ ಕೂಡ ಬೇಕು. ಫೋನ್ ಮಾಡುವುದಾದರೆ ರಾತ್ರಿ ಎಂಟೂವರೆ ಮೇಲೆ ಮಾಡಿ. ಅದಕ್ಕೂ ಮುಂಚೆ ಲೋಕಲ್‌ನಲ್ಲಿರುತ್ತೇನೆ, ಏನೂ ಕೇಳಿಸುವುದಿಲ್ಲ.

ಇತಿ,
ಸುಜಾತಾ ಹಿರೇಮಠ
ಡೊಂಬಿವಲಿ ಪೂರ್ವ
17 ಅಕ್ಟೋಬರ್ 2025

ಲಗತ್ತು: 1-cart.png, 2-bill.png, 3-upi.png