ಬೇಲಿಯನ್ನು ದಾಟಿ ಗೋಡೆಯನ್ನು ಮುಟ್ಟುವ ಅತಿ ಚಿಕ್ಕ ಏಣಿ

ಲೆಕ್ಕ: ಎತ್ತರದ ಕಟ್ಟಡವೊಂದರ ಗೋಡೆಗೆ ಸಮಾನಾಂತರವಾಗಿ, ಗೋಡೆಯಿಂದ 1.08 ಮೀಟರ್ ದೂರದಲ್ಲಿ, 2.56 ಮೀಟರ್ ಎತ್ತರದ ಬೇಲಿಯಿದೆ. ಬೇಲಿಯ ಹೊರಗಿನ ಸಮತಟ್ಟಾದ ನೆಲದಲ್ಲಿ ಬುಡವನ್ನೂರಿ, ಬೇಲಿಯ ಮೇಲಿಂದ ಹಾದು ಗೋಡೆಯನ್ನು ಮುಟ್ಟಬಲ್ಲ ಅತಿ ಚಿಕ್ಕ ಏಣಿಯ ಉದ್ದವೆಷ್ಟು?

ಬಿಡಿಸುವಿಕೆ: ಗೋಡೆಯೂ ನೆಲವೂ ಸೇರುವ ಬಿಂದುವನ್ನು O ಎಂದೂ, ಏಣಿಯ ಬುಡವನ್ನು A ಎಂದೂ, ಅದು ಗೋಡೆಯನ್ನು ಮುಟ್ಟುವ ಬಿಂದುವನ್ನು B ಎಂದೂ, ಬೇಲಿಯ ತುದಿಯನ್ನು P ಎಂದೂ ಕರೆಯೋಣ. ಬೇಲಿಯ ಎತ್ತರ h = 2.56, ಗೋಡೆಯಿಂದ ಅದರ ದೂರ d = 1.08. ಏಣಿಯ ದಪ್ಪವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದೊಂದು ಸರಳರೇಖಾಖಂಡ.

ಅತಿ ಚಿಕ್ಕ ಏಣಿಯು ಬೇಲಿಯ ತುದಿಯನ್ನು ತಾಗಿಕೊಂಡೇ ಇರಬೇಕೆಂಬುದನ್ನು ಬಹಳ ಮಂದಿ ಹೇಳದೆಯೇ ಒಪ್ಪಿಕೊಂಡು ಮುಂದೆ ಹೋಗುತ್ತಾರೆ, ಆದರೆ ಅದಕ್ಕೂ ಕಾರಣ ಕೊಡಬೇಕು. ಏಣಿ ಬೇಲಿಯ ತುದಿಗಿಂತ ಮೇಲೆ ಹಾದುಹೋಗುತ್ತಿದ್ದರೆ, ಅದರ ಓರೆಯನ್ನು ಬದಲಿಸದೆ, ಅದಕ್ಕೆ ಸಮಾನಾಂತರವಾಗಿಯೇ P ಬಿಂದುವಿನ ಮೂಲಕ ಇನ್ನೊಂದು ರೇಖೆಯನ್ನು ಎಳೆಯಬಹುದು. ಈ ಹೊಸ ರೇಖೆ O ಬಿಂದುವಿಗೆ ಹೆಚ್ಚು ಹತ್ತಿರವಾಗಿರುವುದರಿಂದ, ನೆಲ ಮತ್ತು ಗೋಡೆಯೊಡನೆ ಅದು ರಚಿಸುವ ತ್ರಿಭುಜ ಮೊದಲಿನದಕ್ಕೆ ಸಮರೂಪವಾಗಿದ್ದು ಅದಕ್ಕಿಂತ ಚಿಕ್ಕದಾಗಿರುತ್ತದೆ. ಆದ್ದರಿಂದ ಅದರ ವಿಕರ್ಣವೂ ಚಿಕ್ಕದು. ಹೀಗೆ, ಬೇಲಿಯನ್ನು ತಾಗದ ಯಾವ ಏಣಿಯೂ ಅತಿ ಚಿಕ್ಕದಾಗಲಾರದು.

ಈಗ ಚರಾಕ್ಷರದ ಆಯ್ಕೆ. ಏಣಿಯ ಬುಡ ಬೇಲಿಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನು x ಎಂದು ಹಿಡಿದರೂ ಲೆಕ್ಕ ಬಿಡಿಸಬಹುದು. ಆಗ ವರ್ಗಮೂಲದೊಳಗೆ ಎರಡು ಪದಗಳ ಗುಣಲಬ್ಧ ಬಂದು, ಅವಕಲನ ಮಾಡುವಾಗ ಬರವಣಿಗೆ ಉದ್ದವಾಗುತ್ತದೆ. ಏಣಿ ನೆಲದೊಡನೆ ಮಾಡುವ ಕೋನ θ ಅನ್ನೇ ಚರಾಕ್ಷರವಾಗಿ ಹಿಡಿದರೆ, ಬೇಲಿಯ ತುದಿ ಏಣಿಯನ್ನು ಎರಡು ತುಂಡುಗಳಾಗಿ ವಿಭಾಗಿಸುತ್ತದೆ, ಮತ್ತು ಒಂದೊಂದು ತುಂಡೂ ತನ್ನದೇ ಆದ ಲಂಬಕೋನ ತ್ರಿಭುಜದ ವಿಕರ್ಣವಾಗುತ್ತದೆ. ಬುಡದಿಂದ ಬೇಲಿಯ ತುದಿಯವರೆಗಿನ ತುಂಡಿಗೆ ಎದುರುಬಾಹು h. ಬೇಲಿಯ ತುದಿಯಿಂದ ಗೋಡೆಯವರೆಗಿನ ತುಂಡಿಗೆ ಪಾರ್ಶ್ವಬಾಹು d. ಆದ್ದರಿಂದ

AP = h / sin θ,  PB = d / cos θ

L(θ) = h / sin θ + d / cos θ,  0 < θ < π/2

ಕೋನವನ್ನು ಆರಿಸಿಕೊಳ್ಳುವುದೇ ಇಲ್ಲಿ ಸಮಸ್ಯೆಯ ಅರ್ಧ ಪರಿಹಾರ ಎಂದು ನಾನು ಭಾವಿಸುತ್ತೇನೆ, ಏಕೆಂದರೆ h ಮತ್ತು d ಎರಡೂ ಬೇರೆಬೇರೆ ಪದಗಳಲ್ಲಿ ಶುದ್ಧವಾಗಿ ಉಳಿದುಕೊಳ್ಳುತ್ತವೆ, ಮತ್ತು ಅವುಗಳ ನಡುವಿನ ಸಮ್ಮಿತಿ ಬರಿಗಣ್ಣಿಗೇ ಕಾಣುತ್ತದೆ. θ ಸೊನ್ನೆಯ ಹತ್ತಿರಕ್ಕೆ ಹೋದಾಗ ಏಣಿ ನೆಲದುದ್ದಕ್ಕೂ ಚಾಚಿಕೊಂಡು ಮೊದಲ ಪದ ಮಿತಿಯಿಲ್ಲದೆ ಬೆಳೆಯುತ್ತದೆ. θ ಲಂಬಕೋನದ ಹತ್ತಿರಕ್ಕೆ ಹೋದಾಗ ಏಣಿ ನೆಟ್ಟಗೆ ನಿಲ್ಲುತ್ತಾ ಎರಡನೆಯ ಪದ ಮಿತಿಯಿಲ್ಲದೆ ಬೆಳೆಯುತ್ತದೆ. ನಡುವೆ ಎಲ್ಲೋ ಒಂದು ಕನಿಷ್ಠ ಬೆಲೆ ಇರಲೇಬೇಕು.

ಅವಕಲನ ಮಾಡಿದರೆ

L′(θ) = −h cos θ / sin² θ + d sin θ / cos² θ

ಇದು ಸೊನ್ನೆಯಾಗಬೇಕಾದರೆ d sin³ θ = h cos³ θ, ಅಂದರೆ

tan³ θ = h / d,  tan θ = ∛(h / d)

ನಮ್ಮ ಲೆಕ್ಕದಲ್ಲಿ h / d = 2.56 / 1.08 = 64 / 27. ಇದರ ಘನಮೂಲ 4/3. ಆದ್ದರಿಂದ tan θ = 4/3, sin θ = 4/5, cos θ = 3/5, ಮತ್ತು

L = 2.56 × 5/4 + 1.08 × 5/3 = 3.20 + 1.80 = 5.00

ಅತಿ ಚಿಕ್ಕ ಏಣಿಯ ಉದ್ದ ಸರಿಯಾಗಿ 5 ಮೀಟರ್. ಅದರ ಬುಡ ಗೋಡೆಯಿಂದ 3 ಮೀಟರ್ ದೂರದಲ್ಲಿರುತ್ತದೆ, ತುದಿ ಗೋಡೆಯನ್ನು 4 ಮೀಟರ್ ಎತ್ತರದಲ್ಲಿ ಮುಟ್ಟುತ್ತದೆ, ಮತ್ತು ಕೋನ ಸುಮಾರು 53.13 ಡಿಗ್ರಿ. ಬೇಲಿಯ ತುದಿ ಈ ರೇಖೆಯ ಮೇಲೆಯೇ ಇದೆಯೇ ಎಂದು ಪರೀಕ್ಷಿಸುವುದು ಸುಲಭ: ಬುಡದಿಂದ ಬೇಲಿಗೆ 3 − 1.08 = 1.92 ಮೀಟರ್, ಅದನ್ನು 4/3 ರಿಂದ ಗುಣಿಸಿದರೆ 2.56.

ನಿಷ್ಪನ್ನ ಸೊನ್ನೆಯಾಯಿತು ಎಂದಮಾತ್ರಕ್ಕೆ ಕನಿಷ್ಠ ಬೆಲೆ ಸಿಕ್ಕಿತು ಎನ್ನಲಾಗದು. ಉತ್ತರಪತ್ರಿಕೆಗಳಲ್ಲಿ ಇದೇ ಹಂತ ಹೆಚ್ಚಾಗಿ ಬಿಟ್ಟುಹೋಗುತ್ತದೆ, ಆದರೆ ಈ ಲೆಕ್ಕದ ಅತ್ಯಂತ ಸುಂದರವಾದ ಫಲಿತಾಂಶ ಅಡಗಿರುವುದು ಅಲ್ಲಿಯೇ. ಎರಡನೆಯ ನಿಷ್ಪನ್ನ

L″(θ) = h (1 + cos² θ) / sin³ θ + d (1 + sin² θ) / cos³ θ

ಲಘುಕೋನಗಳಲ್ಲಿ ಪ್ರತಿಯೊಂದು ಅಂಶವೂ ಧನಾತ್ಮಕವಾಗಿರುವುದರಿಂದ L″ ಎಲ್ಲೆಡೆಯೂ ಧನಾತ್ಮಕ. ಆದ್ದರಿಂದ L′ ಸತತವಾಗಿ ಏರುತ್ತಾ ಹೋಗುತ್ತದೆ, ಅದು ಸೊನ್ನೆಯನ್ನು ಒಂದೇ ಒಂದು ಬಾರಿ ದಾಟುತ್ತದೆ, ಮತ್ತು ಆ ಬಿಂದುವಿನಲ್ಲಿ ಸಿಗುವುದು ಇಡೀ ವ್ಯಾಪ್ತಿಯಲ್ಲೇ ಕನಿಷ್ಠವಾದ ಬೆಲೆ. ಇನ್ನೂ ಒಂದು ಹೆಜ್ಜೆ ಮುಂದಿಡೋಣ. ಕನಿಷ್ಠ ಬಿಂದುವಿನಲ್ಲಿ h / sin³ θ ಮತ್ತು d / cos³ θ ಸಮವಾಗಿರುತ್ತವೆ; ಈ ಸಾಮಾನ್ಯ ಬೆಲೆಯನ್ನು k ಎನ್ನೋಣ. ಆಗ L = k sin² θ + k cos² θ = k, ಮತ್ತು L″ = k (2 + cos² θ + sin² θ) = 3k. ಅಂದರೆ ಕನಿಷ್ಠ ಬಿಂದುವಿನಲ್ಲಿ ಎರಡನೆಯ ನಿಷ್ಪನ್ನವು ಏಣಿಯ ಉದ್ದದ ಸರಿಯಾಗಿ ಮೂರು ಪಟ್ಟು, ಬೇಲಿ ಎಷ್ಟೇ ಎತ್ತರವಿರಲಿ, ಎಲ್ಲಿಯೇ ಇರಲಿ. ಕೋನವು ಕನಿಷ್ಠ ಸ್ಥಾನದಿಂದ δ ರೇಡಿಯನ್‌ನಷ್ಟು ಸರಿದರೆ, ಉದ್ದ ಸುಮಾರಾಗಿ 1 + 1.5 δ² ಪಟ್ಟಾಗುತ್ತದೆ. ನಮ್ಮ ಅಂಕಿಗಳಲ್ಲಿ 55 ಡಿಗ್ರಿಯಲ್ಲಿ ಬೇಕಾಗುವ ಏಣಿ 5.008 ಮೀಟರ್, 50 ಡಿಗ್ರಿಯಲ್ಲಿ 5.022 ಮೀಟರ್, 60 ಡಿಗ್ರಿಯಲ್ಲಿ 5.116 ಮೀಟರ್. ಕನಿಷ್ಠದ ಸುತ್ತ ವಕ್ರರೇಖೆ ಇಷ್ಟು ಚಪ್ಪಟೆಯಾಗಿರುವುದರಿಂದ, ಕೋನದಲ್ಲಿ ಒಂದೆರಡು ಡಿಗ್ರಿ ತಪ್ಪಿದರೂ ಉದ್ದದಲ್ಲಿ ಆಗುವ ವ್ಯತ್ಯಾಸ ಒಂದು ಸೆಂಟಿಮೀಟರಿನ ಆಸುಪಾಸಿನದು.

ಸಾಮಾನ್ಯ ಸೂತ್ರವೂ ಈಗ ಕೈಯಲ್ಲೇ ಇದೆ. h = k sin³ θ, d = k cos³ θ ಎಂಬುದರಿಂದ h^(2/3) + d^(2/3) = k^(2/3), ಆದ್ದರಿಂದ

L = (h^(2/3) + d^(2/3))^(3/2)

ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಓದುವ ಎನ್‌ಸಿಇಆರ್‌ಟಿ ಗಣಿತ ಪುಸ್ತಕದಲ್ಲಿ, ತ್ರಿಭುಜದ ವಿಕರ್ಣದ ಮೇಲಿನ ಒಂದು ಬಿಂದು ಬಾಹುಗಳಿಂದ a ಮತ್ತು b ದೂರದಲ್ಲಿದ್ದರೆ ವಿಕರ್ಣದ ಕನಿಷ್ಠ ಉದ್ದವನ್ನು ಸಾಧಿಸಲು ಕೇಳುವ ಲೆಕ್ಕ ಇದೇ. ಅಲ್ಲಿ ಏಣಿಯೂ ಇಲ್ಲ, ಬೇಲಿಯೂ ಇಲ್ಲ. ಲಂಬಕೋನದಲ್ಲಿ ಕೂಡುವ h ಮತ್ತು d ಅಗಲದ ಎರಡು ಓಣಿಗಳ ಮೂಲೆಯಲ್ಲಿ, ನೆಲಕ್ಕೆ ಸಮತಲವಾಗಿ ಹಿಡಿದು ತಿರುಗಿಸಬಹುದಾದ ಅತಿ ಉದ್ದನೆಯ ಕಂಬಿಗೂ ಇದೇ ಸೂತ್ರ. ಅಲ್ಲಿ ಕೇಳುವುದು ಗರಿಷ್ಠ ಉದ್ದವನ್ನಾದರೂ, ಕಂಬಿ ಎಲ್ಲ ಕೋನಗಳನ್ನೂ ಹಾದುಹೋಗಬೇಕಾಗಿರುವುದರಿಂದ, ಅದನ್ನು ತಡೆಯುವುದು L(θ) ಫಲನದ ಕನಿಷ್ಠ ಬೆಲೆಯೇ.

ಎರಡು ಧನಸಂಖ್ಯೆಗಳ ಮೊತ್ತವನ್ನು ಕಂಡ ಕೂಡಲೇ ಸಮಾಂತರ ಮಾಧ್ಯ ಮತ್ತು ಗುಣೋತ್ತರ ಮಾಧ್ಯಗಳ ಅಸಮತೆಯನ್ನು ಬಳಸಿ, ಎರಡು ತುಂಡುಗಳೂ ಸಮವಾದಾಗ ಮೊತ್ತ ಕನಿಷ್ಠ ಎಂದು ತೀರ್ಮಾನಿಸುವುದು ಇಲ್ಲಿ ಆಗಾಗ ಕಾಣುವ ತಪ್ಪು. ಆ ಅಸಮತೆಯಿಂದ ಕನಿಷ್ಠ ಬೆಲೆ ದೊರೆಯಬೇಕಾದರೆ ಎರಡು ಪದಗಳ ಗುಣಲಬ್ಧ ಸ್ಥಿರವಾಗಿರಬೇಕು. ಇಲ್ಲಿ ಆ ಗುಣಲಬ್ಧವಾದ hd / (sin θ cos θ) ಕೋನದೊಡನೆ ಬದಲಾಗುತ್ತದೆ. ನಮ್ಮ ಉತ್ತರದಲ್ಲೂ ತುಂಡುಗಳು 3.20 ಮತ್ತು 1.80, ಸಮವಾಗಿಲ್ಲ. ಅವಕಲನವಿಲ್ಲದೆ ಬಿಡಿಸಬಯಸುವವರಿಗೆ ಹೋಲ್ಡರ್ ಅಸಮತೆ ಒದಗಿಬರುತ್ತದೆ:

(h / sin θ + d / cos θ)^(2/3) · (sin² θ + cos² θ)^(1/3) ≥ h^(2/3) + d^(2/3)

ಎಡಗಡೆಯ ಎರಡನೆಯ ಅಂಶ 1 ಆಗಿರುವುದರಿಂದ, ಸೂತ್ರ ಒಂದೇ ಸಾಲಿನಲ್ಲಿ ಸಿದ್ಧವಾಗುತ್ತದೆ.

ಅತಿ ಚಿಕ್ಕ ಏಣಿಯೇ ಹತ್ತಲು ತಕ್ಕ ಏಣಿ ಎಂದು ಯಾರೂ ತಿಳಿಯಬಾರದು. ಒರಗಿಸಿದ ಏಣಿಯ ತುದಿ ನಾಲ್ಕು ಪಾಲು ಎತ್ತರದಲ್ಲಿದ್ದರೆ ಬುಡ ಒಂದು ಪಾಲು ದೂರದಲ್ಲಿರಬೇಕು ಎಂಬುದು ಸುರಕ್ಷತೆಯ ನಿಯಮ. ಅದು ಸುಮಾರು 76 ಡಿಗ್ರಿಯ ಕೋನ. 53 ಡಿಗ್ರಿಯಲ್ಲಿ ಒರಗಿಸಿದ ಏಣಿಯ ಬುಡ ಜಾರುವ ಅಪಾಯವಿದೆ. tan θ = 4 ಎಂದು ಹಿಡಿದರೆ ಇದೇ ಬೇಲಿಯನ್ನು ದಾಟಲು 7.09 ಮೀಟರ್ ಉದ್ದದ ಏಣಿ ಬೇಕಾಗುತ್ತದೆ, ಮತ್ತು ಅದು ಗೋಡೆಯನ್ನು 6.88 ಮೀಟರ್ ಎತ್ತರದಲ್ಲಿ ಮುಟ್ಟುತ್ತದೆ. ನಿಜವಾದ ಗೋಡೆಗೆ ಏಣಿ ಇಡುವವರು ನಂಬಬೇಕಾದದ್ದು 5 ಮೀಟರನ್ನಲ್ಲ, ಈ 7.09 ಮೀಟರನ್ನು.

ಈ ಲೆಕ್ಕದಲ್ಲಿ ಘನಮೂಲ ಬಂದದ್ದು ಆಕಸ್ಮಿಕವಲ್ಲ. ಕೋನವೊಂದರ ಒಳಗಿನ ಬಿಂದುವಿನ ಮೂಲಕ ಹಾದು ಎರಡು ಬಾಹುಗಳನ್ನೂ ಮುಟ್ಟುವ ಅತಿ ಚಿಕ್ಕ ರೇಖಾಖಂಡಕ್ಕೆ ಫಿಲೋ ರೇಖೆ ಎಂಬ ಹೆಸರಿದೆ, ಕ್ರಿ.ಪೂ. 3ನೆಯ ಶತಮಾನದ ಗ್ರೀಕ್ ಯಂತ್ರಶಾಸ್ತ್ರಜ್ಞ ಬೈಜಾಂಟಿಯಮ್‌ನ ಫಿಲೋ ಇದನ್ನು ಘನವನ್ನು ಇಮ್ಮಡಿಗೊಳಿಸುವ ಸಮಸ್ಯೆಗೆ ಬಳಸಿದ್ದನು. ಅವನ ರೇಖೆಯ ಲಕ್ಷಣ ಹೀಗಿದೆ: O ಬಿಂದುವಿನಿಂದ ಏಣಿಗೆ ಎಳೆದ ಲಂಬದ ಪಾದ Q ಆದರೆ, BQ ಉದ್ದವೂ AP ಉದ್ದವೂ ಸಮ. ನಮ್ಮ ಲೆಕ್ಕದಲ್ಲಿ BQ = 4 × 4/5 = 3.20, ಮತ್ತು AP ಕೂಡ 3.20.

ಬೇಲಿಯ ಎತ್ತರ ಗೋಡೆಯಿಂದ ಅದರ ದೂರದ ಸರಿಯಾಗಿ ಎರಡು ಪಟ್ಟಿದ್ದರೆ tan θ = ∛2 ಆಗುತ್ತದೆ. ಆಗ ಏಣಿಯು ಬೇಲಿಯ ತುದಿಯಿಂದ ಗೋಡೆಯವರೆಗೆ ಏರುವ ಎತ್ತರ d∛2, ಅಂದರೆ d ಬಾಹುವಿನ ಘನಕ್ಕಿಂತ ಇಮ್ಮಡಿ ಘನಫಲವಿರುವ ಘನದ ಬಾಹು. ಅಳತೆಪಟ್ಟಿಯ ಗುರುತುಗಳಿಲ್ಲದ ನೇರಪಟ್ಟಿ ಮತ್ತು ಕೈವಾರಗಳಿಂದ ∛2 ಉದ್ದವನ್ನು ರಚಿಸಲಾಗದೆಂದು ಪಿಯರ್ ವಾಂಟ್ಜೆಲ್ 1837ರಲ್ಲಿ ಸಾಧಿಸಿದನು. ಆದ್ದರಿಂದ 64ಕ್ಕೆ 27ರ ಅನುಪಾತದ ನಮ್ಮ ಬೇಲಿಗೆ ಅತಿ ಚಿಕ್ಕ ಏಣಿಯನ್ನು ಪಟ್ಟಿ ಮತ್ತು ಕೈವಾರಗಳಿಂದ ನಿಖರವಾಗಿ ಎಳೆಯಬಹುದು. 2ಕ್ಕೆ 1ರ ಅನುಪಾತದ ಬೇಲಿಗೆ ಅದೇ ಉಪಕರಣಗಳಿಂದ ಎಳೆಯಲಾಗದು, ಅದರ ಉದ್ದಕ್ಕೆ ನಿಖರವಾದ ಸೂತ್ರ ನಮ್ಮ ಬಳಿ ಇದ್ದರೂ ಸಹ.