ಚೊಚ್ಚಲ ಬಸುರಿಯರಿಗೆ ಆಸ್ಪಿರಿನ್ ಗುಳಿಗಿ: ಅಧ್ಯಯನದಾಗ ಏನ್ ಸಿಕ್ತು, ಏನ್ ಸಿಗಲಿಲ್ಲ (ತಿದ್ದಿ ಬರ್ದ ಹಾಳಿ)

ನಮಸ್ಕಾರ್ರಿ ಅಕ್ಕಾರ, ತಂಗ್ಯಾರ.

ಹೋದ ತಿಂಗಳ ಚೆಕಪ್‌ಗೆ ಬಂದಾಗ ನಿಮ್ಮ ಕೈಯಾಗ ಒಂದ್ ಗುಲಾಬಿ ಬಣ್ಣದ ಹಾಳಿ ಕೊಟ್ಟಿದ್ವಿ, "ದಿನಾ ಒಂದ್ ಸಣ್ಣ ಆಸ್ಪಿರಿನ್ ತಗೋರಿ, ದಿನ ತುಂಬೂಕಿಂತ ಮೊದಲ ಹೆರಿಗಿ ಆಗಂಗಿಲ್ಲ" ಅಂತ ದಪ್ಪ ಅಕ್ಷರದಾಗ ಬರ್ದಿದ್ವಿ. ಆ ಮಾತು ತಪ್ಪು. ಅಧ್ಯಯನ ಖರೇನ ಐತಿ, ಒಳ್ಳೇದೂ ಐತಿ, ಆದ್ರ ಅದರಾಗ ಸಿಕ್ಕಿದ್ದಕ್ಕಿಂತ ಭಾಳ ದೊಡ್ಡ ಮಾತು ನಾವು ಹಾಳಿ ಮ್ಯಾಲ ಬರ್ದಿದ್ವಿ. ಅದಕ್ಕ ಇದನ್ನ ಮೊದ್ಲಿಂದ ತಿದ್ದಿ ಬರ್ದೀವಿ. ಹಳೇ ಹಾಳಿ ಮನ್ಯಾಗ ಇದ್ರ ಅದನ್ನ ಹರ್ದು ಬಿಡ್ರಿ, ಇದನ್ನ ತಾಯಿ ಕಾರ್ಡ್ ಒಳಗ ಇಟ್ಕೋರಿ.

ಯಾಕ ತಿದ್ದಬೇಕಾತು ಅಂತ ಹೇಳ್ತೀನಿ. ಸವದತ್ತಿ ಕಡೆಯಿಂದ ಒಬ್ಬಾಕಿ ತಂಗಿ ಬಂದಿದ್ಲು, ಏಳ್ ತಿಂಗಳು, ಎರಡ್ನೇ ಬಸುರು. ಚೀಲದಾಗಿಂದ ತಾಯಿ ಕಾರ್ಡ್ ತಗದ್ಲು, ಅದರ ಒಳಗ ನಮ್ಮ ಗುಲಾಬಿ ಹಾಳಿ ನಾಕ್ ಮಡಿಕಿ ಮಾಡಿ ಇಟ್ಟಿದ್ಲು, ಅದರ ಜೋಡಿ ಅರ್ಧ ಖಾಲಿ ಆದ ಗುಳಿಗಿ ಪಟ್ಟಿ, ಮೆಡಿಕಲ್‌ದಾಗ ತಾನ ಕೇಳಿ ತಗೊಂಡಿದ್ದು. "ನೀವ ಬರ್ದೀರಲ್ರಿ ಅಕ್ಕಾರ, ನನಗ ಮೊದಲ್ನೇದು ಎಂಟ್ ತಿಂಗಳಿಗೇ ಆಗಿತ್ತು, ಈ ಸಲ ಹಂಗ ಆಗಬಾರ್ದು ಅಂತ ತಗೊಂಡೆ" ಅಂದ್ಲು. ಆಕಿದು ಏನೂ ತಪ್ಪಿಲ್ರಿ. ಓದು ಬರ್ತೈತಿ, ಓದಿದ್ಲು, ನಂಬಿದ್ಲು. ಆದ್ರ ಈ ಅಧ್ಯಯನದಾಗ ಆಕಿಯಂಥವರು ಒಬ್ರೂ ಇರಲಿಲ್ಲ, ಅದನ್ನ ನಾವು ಹಾಳ್ಯಾಗ ಹೇಳಿರಲೇ ಇಲ್ಲ. ಆಕಿನ್ನ ಅವತ್ತ ಡಾಕ್ಟರ್ ನೋಡಿದ್ರು, ಗುಳಿಗಿ ಬಗ್ಗೆ ಏನ್ ಮಾಡಬೇಕಂತ ಅವರ ಹೇಳಿದ್ರು.

ಯಾವ ಅಧ್ಯಯನ ಇದು

ಹೆಸರು ASPIRIN ಟ್ರಯಲ್. 2016ರ ಮಾರ್ಚ್‌ದಿಂದ 2018ರ ಜೂನ್ ತನಕ ಹೆಣ್ಮಕ್ಕಳನ್ನ ಸೇರಿಸಿಕೊಂಡ್ರು, 2020ರ ಜನವರ್ಯಾಗ ಲ್ಯಾನ್ಸೆಟ್ ಅನ್ನೂ ವೈದ್ಯಕೀಯ ಪತ್ರಿಕೆದಾಗ ಫಲಿತಾಂಶ ಬಂತು. ಭಾರತ, ಪಾಕಿಸ್ತಾನ, ಕೀನ್ಯಾ, ಜಾಂಬಿಯಾ, ಕಾಂಗೋ, ಗ್ವಾಟೆಮಾಲಾ, ಹಿಂಗ ಆರ್ ದೇಶ. ಭಾರತದಾಗ ಎರಡ್ ಕಡೆ ನಡೀತು, ಒಂದು ನಾಗಪುರ, ಇನ್ನೊಂದು ನಮ್ಮ ಬೆಳಗಾವಿ, ಇಲ್ಲಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಇದರಾಗ ಇದ್ರು. ನಮ್ಮ ಸುತ್ತಮುತ್ತಲ ಹಳ್ಳಿ ಹೆಣ್ಮಕ್ಕಳು ಗುಳಿಗಿ ತಗೊಂಡು ಈ ಉತ್ತರಕ್ಕ ಕಾರಣ ಆಗ್ಯಾರ, ಇದು ನನಗ ಹೆಮ್ಮೆಯ ಮಾತು. ಹಂಗಂತ ಮುಂದ ಬರೂ ಲೆಕ್ಕ ಬೆಳಗಾವಿ ಒಂದರದ್ದಲ್ಲ, ಆರೂ ದೇಶ ಕೂಡಿಸಿ ತಗದಿದ್ದು. ಹಳೇ ಹಾಳ್ಯಾಗ "ಬೆಳಗಾವ್ಯಾಗ ಸಾಬೀತಾಗೈತಿ" ಅಂತ ಬರ್ದಿದ್ವಿ, ಅದನ್ನೂ ತಗದೀವಿ.

ಯಾರನ್ನ ಸೇರಿಸಿದ್ರು

ಈ ಭಾಗ ದಯವಿಟ್ಟು ಎರಡ್ ಸಲ ಓದ್ರಿ. ಈ ಹಿಂದ ಒಂದೂ ಹೆರಿಗಿ ಆಗದವರು, ಅಂದ್ರ ಚೊಚ್ಚಲ. ಹೊಟ್ಟ್ಯಾಗ ಒಂದ ಕೂಸು, ಅವಳಿ ಅಲ್ಲ. ಮೊದಲ ಬಿಪಿ ಜಾಸ್ತಿ ಇದ್ದವರನ್ನ, ಸಕ್ಕರಿ ಕಾಯಿಲೆ ಇದ್ದವರನ್ನ ತಗೊಂಡಿರಲಿಲ್ಲ. ಗುಳಿಗಿ ಶುರು ಆಗಿದ್ದು 6 ವಾರ ತುಂಬಿದ ಮ್ಯಾಲ, 14 ವಾರ ತುಂಬೂದರೊಳಗ, ಅಂದ್ರ ಮೂರು ಮೂರೂಕಾಲು ತಿಂಗಳ ಒಳಗ. ಅಲ್ಲಿಂದ 37 ವಾರ ಆಗೂತನಕ ಅಥವಾ ಹೆರಿಗಿ ಆಗೂತನಕ ದಿನಾ ಒಂದು, 81 ಮಿಲಿಗ್ರಾಂ. ತಲಿನೋವಿಗೆ ನುಂಗೂ ದೊಡ್ಡ ಆಸ್ಪಿರಿನ್ ಬ್ಯಾರೆ, ಅದು ಇದಲ್ಲ.

ಎರಡ್ನೇ ಮೂರ್ನೇ ಬಸುರಿದ್ದವರಿಗೆ, ಐದಾರ್ ತಿಂಗಳಾದ ಮ್ಯಾಲ ಶುರು ಮಾಡಿದವರಿಗೆ ಇದು ಉಪಯೋಗ ಆಗ್ತೈತೋ ಇಲ್ಲೋ ಅಂತ ಈ ಅಧ್ಯಯನ ಹೇಳೂದಿಲ್ಲ. ಆಗಂಗಿಲ್ಲ ಅಂತನೂ ಹೇಳಿಲ್ಲ, ಅವರನ್ನ ನೋಡೇ ಇಲ್ಲ.

ಹ್ಯಾಂಗ ಮಾಡಿದ್ರು

ಒಟ್ಟು 11,976 ಹೆಣ್ಮಕ್ಕಳು. ಚೀಟಿ ಎತ್ತಿದಂಗ ಎರಡ್ ಪಾಲು ಮಾಡಿದ್ರು, ಯಾರ ಇಷ್ಟದ ಪ್ರಕಾರಾನೂ ಅಲ್ಲ. ಒಂದ್ ಪಾಲಿಗೆ ಆಸ್ಪಿರಿನ್, ಇನ್ನೊಂದಕ್ಕ ನೋಡಾಕ ಹಂಗ ಇರೂ ಖಾಲಿ ಗುಳಿಗಿ, ಔಷಧ ಇಲ್ಲದ್ದು. ಯಾರಿಗೆ ಯಾವ್ದು ಅಂತ ನುಂಗಾಕಿಗೂ ಗೊತ್ತಿರಲಿಲ್ಲ, ಕೊಡೂ ಸಿಸ್ಟರಿಗೂ ಗೊತ್ತಿರಲಿಲ್ಲ. ಹಂಗ ಮಾಡ್ಲಿಲ್ಲ ಅಂದ್ರ ಏನಾಗ್ತೈತಿ ಅಂದ್ರ, ಔಷಧ ತಗೊಳ್ಳಾಕಿನ್ನ ಎಲ್ಲಾರೂ ಸ್ವಲ್ಪ ಹೆಚ್ಚ ನೋಡ್ಕೋತಾರ, ಆಮ್ಯಾಲ ಚೊಲೋ ಆಗಿದ್ದು ಗುಳಿಗಿಯಿಂದೋ ಆ ಕಾಳಜಿಯಿಂದೋ ಅಂತ ತಿಳಿಯಂಗಿಲ್ಲ.

ಏನ್ ಸಿಕ್ತು

37 ವಾರ ತುಂಬೂಕಿಂತ ಮೊದಲ ಹೆರಿಗಿ ಆಗಿದ್ದು ಖಾಲಿ ಗುಳಿಗಿ ಪಾಲಿನ್ಯಾಗ 100ಕ್ಕ 13.1, ಆಸ್ಪಿರಿನ್ ಪಾಲಿನ್ಯಾಗ 100ಕ್ಕ 11.6. ಶೇಕಡಾ ಅಂದ್ರ ತಲಿ ತಿರಗ್ತೈತಿ, ಹಿಂಗ ನೋಡೂಣು. ನಿಮ್ಮಂಗ ಚೊಚ್ಚಲ ಬಸುರಿಯರು 1000 ಮಂದಿ ಅಂತ ತಿಳ್ಕೋರಿ. ಯಾರೂ ಆಸ್ಪಿರಿನ್ ತಗೊಳ್ಳದಿದ್ರ ಅವರಾಗ ಸುಮಾರು 131 ಮಂದಿಗೆ ಮೊದಲ ಆಗ್ತೈತಿ. ಎಲ್ಲಾರೂ ತಗೊಂಡ್ರ ಸುಮಾರು 116 ಮಂದಿಗೆ. 1000ಕ್ಕ 15 ಮಂದಿ ಕಡಿಮಿ.

ಇದನ್ನ ಎರಡೂ ಕಡೆಯಿಂದ ನೋಡಬೇಕು. 869 ಮಂದಿಗೆ ಗುಳಿಗಿ ಇಲ್ಲದನೂ ದಿನ ತುಂಬೇ ಹೆರಿಗಿ ಆಗ್ತಿತ್ತು. 116 ಮಂದಿಗೆ ಗುಳಿಗಿ ತಪ್ಪದ ತಗೊಂಡ್ರೂ ಮೊದಲ ಆತು. ನಡುವಿನ 15 ಮಂದಿಗೆ ಉಪಯೋಗ ಆತು, ಆ 15 ಮಂದಿ ಯಾರು ಅಂತ ಮೊದಲ ಹೇಳಾಕ ಯಾರಿಗೂ ಆಗಂಗಿಲ್ಲ. ಹಂಗಾಗಿ ಗುಳಿಗಿ ತಗೊಂಡೂ ಎಂಟ್ ತಿಂಗಳಿಗೆ ಹೆರಿಗಿ ಆತು ಅಂದ್ರ ನೀವು ಏನೋ ತಪ್ಪು ಮಾಡಿದ್ರಿ ಅಂತ ಅಲ್ಲ, ಯಾರಾದ್ರೂ ಮನ್ಯಾಗ ಹಂಗ ಅಂದ್ರ ಈ ಸಾಲು ಅವರಿಗೆ ಓದಿ ಹೇಳ್ರಿ.

ಹಳೇ ಹಾಳ್ಯಾಗ "ಶೇಕಡಾ 11ರಷ್ಟು ಕಡಿಮಿ" ಅಂತ ಅಷ್ಟ ಬರ್ದಿದ್ವಿ. ಲೆಕ್ಕ ಸುಳ್ಳಲ್ಲ, 131ರಾಗ 15 ಅಂದ್ರ ಸುಮಾರು 11 ಪರ್ಸೆಂಟ್ ಆಗ್ತೈತಿ. ಆದ್ರ ಓದಿದವರು ಬಹಳಷ್ಟು ಮಂದಿ ನೂರು ಹೆಣ್ಮಕ್ಕಳಾಗ ಹನ್ನೊಂದು ಮಂದಿಗೆ ಉಪಯೋಗ ಅಂತ ತಿಳ್ಕೊಂಡ್ರು, ಖರೇ ಅಂದ್ರ ಅದು ನೂರಕ್ಕ ಒಂದೂವರಿ. ಯಾತರಾಗ ಹನ್ನೊಂದು ಅಂತ ಹೇಳದ ಬರೀ ಹನ್ನೊಂದು ಅಂದ್ರ ಲೆಕ್ಕ ಸರಿ ಇದ್ರೂ ಮಾತು ತಪ್ಪಾಗ್ತೈತಿ. ಇನ್ನೊಂದು, ಈ 11 ಅನ್ನೂದು ಅಂದಾಜು, ಖರೇ ಪರಿಣಾಮ 2ರಿಂದ 19 ಪರ್ಸೆಂಟ್ ನಡುವ ಎಲ್ಲೋ ಇರಬಹುದು ಅಂತ ಅಧ್ಯಯನ ಮಾಡಿದವರ ಬರ್ದಾರ. ಉಪಯೋಗ ಐತಿ ಅನ್ನೂದಕ್ಕ ಆಧಾರ ಐತಿ, ಎಷ್ಟು ದೊಡ್ಡದು ಅನ್ನೂದು ಅಷ್ಟು ಗಟ್ಟಿ ಇಲ್ಲ.

34 ವಾರಕ್ಕಿಂತ ಮೊದಲ, ಅಂದ್ರ ಕೂಸು ಇನ್ನೂ ಭಾಳ ಸಣ್ಣದಿರೂವಾಗ ಆಗೂ ಹೆರಿಗಿ 1000ಕ್ಕ 40 ಇದ್ದದ್ದು 33 ಆತು.

ಕೂಸಿನ ಜೀವದ ಮಾತು

ಇದನ್ನ ಬರಿಯಾಕ ನನಗ ಎಲ್ಲಕ್ಕಿಂತ ಹೆಚ್ಚ ಹೊತ್ತು ಹಿಡೀತು. ಹೊಟ್ಟ್ಯಾಗ ತೀರಿಕೊಂಡ ಅಥವಾ ಹುಟ್ಟಿದ ಮೊದಲ ವಾರದಾಗ ತೀರಿಕೊಂಡ ಕೂಸುಗಳು ಖಾಲಿ ಗುಳಿಗಿ ಪಾಲಿನ್ಯಾಗ 1000ಕ್ಕ ಸುಮಾರು 54, ಆಸ್ಪಿರಿನ್ ಪಾಲಿನ್ಯಾಗ ಸುಮಾರು 46. ಹಳೇ ಹಾಳಿ ಇದನ್ನ "ಕೂಸಿನ ಜೀವ ಉಳಸ್ತೈತಿ" ಅಂತ ಒಂದ ಮಾತಿನ್ಯಾಗ ಮುಗಿಸಿತ್ತು. ಆದ್ರ ಇಲ್ಲಿ ಖರೇ ಪರಿಣಾಮ ಎಲ್ಲಿಂದ ಎಲ್ಲಿ ತನಕ ಇರಬಹುದು ಅನ್ನೂ ಅಂದಾಜಿನ ಒಂದ್ ತುದಿ "ಏನೂ ಫರಕಿಲ್ಲ" ಅನ್ನೂದರ ಹೊಸ್ತಿಲ ತನಕ ಬರ್ತೈತಿ. ಮ್ಯಾಲಾಗಿ ಈ ಅಧ್ಯಯನದ ಮುಖ್ಯ ಪ್ರಶ್ನೆ ಹೆರಿಗಿ ಯಾವಾಗ ಆಗ್ತೈತಿ ಅನ್ನೂದಿತ್ತು, ಜೀವದ್ದು ಅದರ ಜೋಡಿ ನೋಡಿದ ಪ್ರಶ್ನೆ. ಅದಕ್ಕ ಈಗ ಹಿಂಗ ಬರ್ದೀವಿ: ಆಸ್ಪಿರಿನ್ ತಗೊಂಡವರಾಗ ಕೂಸು ತೀರಿಕೊಂಡದ್ದು ಕಡಿಮಿ ಕಂಡು ಬಂತು, ಆದ್ರ ಇದು ಮೊದಲ್ನೇ ಮಾತಿನಷ್ಟು ಗಟ್ಟಿ ಅಲ್ಲ. ಕೂಸು ಕಳ್ಕೊಂಡ ತಾಯಿ ಈ ಹಾಳಿ ಓದ್ತಾಳ, ಆಕಿ ಒಂದ್ ಗುಳಿಗಿ ತಗೊಂಡಿದ್ರ ಉಳಿತಿತ್ತು ಅಂತ ಜೀವನ ಪೂರ್ತಿ ಕೊರಗಬಾರ್ದು, ಅಧ್ಯಯನ ಅಂಥ ಮಾತು ಯಾರೊಬ್ಬರ ಬಗ್ಗೆನೂ ಹೇಳಿಲ್ಲ.

ಬಿಪಿ ಬಗ್ಗೆ

ಬಸುರಿನ್ಯಾಗ ಬಿಪಿ ಏರೂದು ಒಟ್ಟಾರೆ ಕಡಿಮಿ ಆಗಲಿಲ್ಲ, ಎರಡೂ ಪಾಲಿನ್ಯಾಗ ಹೆಚ್ಚುಕಡಿಮಿ ಅಷ್ಟ ಇತ್ತು. ಬಿಪಿ ಏರಿ 34 ವಾರದೊಳಗ ಹೆರಿಗಿ ಆದವರು ಮಾತ್ರ ಆಸ್ಪಿರಿನ್ ಪಾಲಿನ್ಯಾಗ ಕಡಿಮಿ ಇದ್ರು, ಆದ್ರ ಅಂಥವರು ಎರಡೂ ಕಡೆ ಭಾಳ ಸ್ವಲ್ಪ ಮಂದಿ.

ಇಲ್ಲಿ ಗೊಂದಲ ಬ್ಯಾಡ. ಬಿಪಿ ತೊಂದರಿ ಬರೂ ಸಾಧ್ಯತೆ ಹೆಚ್ಚಿರೂ ಬಸುರಿಯರಿಗೆ ಸಣ್ಣ ಡೋಸ್ ಆಸ್ಪಿರಿನ್ ಕೊಡ್ರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಈ ಅಧ್ಯಯನಕ್ಕಿಂತ ಮೊದ್ಲೇ ಹೇಳೈತಿ, ಅದಕ್ಕ ಬ್ಯಾರೆ ಆಧಾರ ಐತಿ. ನಿಮ್ಮ ಡಾಕ್ಟರ್ ಆ ಕಾರಣಕ್ಕ ಬರ್ದುಕೊಟ್ಟಿದ್ರ ಈ ಹಾಳಿ ಓದಿ ನಿಲ್ಲಿಸಬ್ಯಾಡ್ರಿ.

ತೊಂದರಿ ಏನಾದ್ರೂ ಆತೇನು

ಹೆರಿಗಿ ಆದ ಮ್ಯಾಲ ರಕ್ತ ಹೆಚ್ಚ ಹೋಗೂದು ಸೇರಿ ತಾಯಿಗೆ, ಕೂಸಿಗೆ ಆದ ಬ್ಯಾರೆ ತೊಂದರಿಗಳು ಎರಡೂ ಪಾಲಿನ್ಯಾಗ ಹೆಚ್ಚುಕಡಿಮಿ ಒಂದ ಸಮ ಇದ್ವು. ಹಳೇ ಹಾಳ್ಯಾಗ "ಯಾವ ಅಡ್ಡ ಪರಿಣಾಮನೂ ಇಲ್ಲ" ಅಂತಿತ್ತು, ಅದು ಬ್ಯಾರೆ ಮಾತು. ಫರಕ ಕಾಣಲಿಲ್ಲ ಅಂತ ಹೇಳಬಹುದು, ಯಾರಿಗೂ ಏನೂ ಆಗಂಗಿಲ್ಲ ಅಂತ ಹೇಳಾಕ ಬರಂಗಿಲ್ಲ. ಹೊಟ್ಟಿ ಹುಣ್ಣಿದ್ದವರು, ಆಸ್ಪಿರಿನ್ ತಗೊಂಡ್ರ ಮೈಮ್ಯಾಲ ಗಂಧಿ ಏಳೂವರು ಅಥವಾ ದಮ್ಮು ಬರೂವರು, ರಕ್ತ ಬೇಗ ನಿಲ್ಲದವರು ಇದನ್ನ ಮೊದ್ಲೇ ಡಾಕ್ಟರಿಗೆ ಹೇಳಬೇಕು.

ನೀವೀಗ ಏನ್ ಮಾಡಬೇಕು

ಮುಟ್ಟು ತಪ್ಪಿದ ಕೂಡ್ಲೇ ಬಂದು ಹೆಸರು ಬರಸ್ರಿ, ಯಾಕಂದ್ರ ಈ ಪ್ರಶ್ನೆ ಕೇಳೂ ಸಮಯ ಮೂರ್ ತಿಂಗಳ ಒಳಗ ಮುಗೀತೈತಿ, ನಮ್ಮಲ್ಲಿ ಎಷ್ಟೋ ಮಂದಿ ನಾಕ್ ತಿಂಗಳಾದ ಮ್ಯಾಲ ಬರ್ತಾರ. ಕೊನೇ ಮುಟ್ಟಿನ ತಾರೀಖು ನೆನಪಿಟ್ಟು ಬರ್ರಿ. "ನಂದು ಚೊಚ್ಚಲ, ನನಗ ಸಣ್ಣ ಆಸ್ಪಿರಿನ್ ಬೇಕೇನ್ರಿ" ಅಂತ ಕೇಳ್ರಿ. ಬೇಕು ಅಂತಾರೋ ಬ್ಯಾಡ ಅಂತಾರೋ ಅದು ನಿಮ್ಮ ಬಿಪಿ, ರಕ್ತ, ಹಿಂದಿನ ಕಾಯಿಲೆ ನೋಡಿ ಹೇಳೂ ಮಾತು. ಮೆಡಿಕಲ್‌ಗೆ ಹೋಗಿ ನಿಮ್ಮಷ್ಟಕ್ಕ ನೀವ ತಗೋಬ್ಯಾಡ್ರಿ. ಹಳೇ ಹಾಳಿ ನೋಡಿ ಈಗಾಗ್ಲೇ ಶುರು ಮಾಡಿದ್ರ ಅಂಜಬ್ಯಾಡ್ರಿ, ಮುಚ್ಚಿಡಲೂ ಬ್ಯಾಡ್ರಿ, ಪಟ್ಟಿ ಕೈಯಾಗ ಹಿಡ್ಕೊಂಡ ಬರ್ರಿ, ಎಷ್ಟು ಮಿಲಿಗ್ರಾಂ ಅಂತ ಅದರ ಮ್ಯಾಲ ಬರ್ದಿರ್ತೈತಿ.

ಗುಳಿಗಿ ತಗೊಳ್ಳಿ ಬಿಡ್ರಿ, ನೀರು ಹೋದ್ರ, ರಕ್ತ ಕಂಡ್ರ, ತಿಂಗಳು ತುಂಬೂಕಿಂತ ಮೊದಲ ಬ್ಯಾನಿ ಬಂದು ಬಂದು ಹೋದ್ರ, ತಲಿ ಸಿಡದು ಕಣ್ಣು ಮಂಜಾದ್ರ, ಕೂಸಿನ ಅಲಗಾಟ ಕಡಿಮಿ ಆದ್ರ ಬೆಳಗಾಗೂತನಕ ಕಾಯಬ್ಯಾಡ್ರಿ, 108ಕ್ಕ ಫೋನ್ ಹಚ್ರಿ.

ಇದರಾಗ ಯಾವ ಸಾಲು ತಿಳೀಲಿಲ್ಲ ಅಂದ್ರ ಅದರ ಕೆಳಗ ಪೆನ್ನಿಲೆ ಗೆರಿ ಎಳ್ಕೊಂಡ ಬರ್ರಿ. ಪ್ರತಿ ತಿಂಗಳ 9ನೇ ತಾರೀಖು ಬಸುರಿಯರ ತಪಾಸಣೆ ಇದ್ದ ಇರ್ತೈತಿ, ಅವತ್ತ ನಾನು ತೂಕ ನೋಡೂ ಟೇಬಲ್ ಕಡೆ ಇರ್ತೀನಿ, ಕೂತು ಓದಿ ಹೇಳ್ತೀನಿ, ಅತ್ತೆಯವರು ಜೋಡಿ ಬಂದ್ರ ಅವರಿಗೂ ಹೇಳ್ತೀನಿ.