ಸರೋಜಮ್ಮನ ಮನೆಯಿಂದ, ಮೂಳೆ ವಾರ್ಡಿನ ಎಲ್ಲರಿಗೂ

ಮೂಳೆ ವಿಭಾಗದ ಡಾಕ್ಟರರಿಗೆ, ಅರಿವಳಿಕೆ ಡಾಕ್ಟರಿಗೆ, ಮಹಿಳಾ ವಾರ್ಡಿನ ಸಿಸ್ಟರ್‌ಗಳಿಗೆ, ಫಿಸಿಯೋಥೆರಪಿಯವರಿಗೆ, ಆಯಾಗಳಿಗೆ ನಮಸ್ಕಾರ.

ನಮ್ಮ ಅಮ್ಮನ ಬಲ ಸೊಂಟದ ಆಪರೇಷನ್ ಆಗಿ ಮೊನ್ನೆಗೆ ಆರು ವಾರ ತುಂಬಿತು. ಎಕ್ಸ್‌ರೇ ನೋಡಿ, ಹಾಕಿದ ಕೀಲಿನ ಗುಂಡು ಕೂತ ಜಾಗದಲ್ಲೇ ಇದೆ ಎಂದಿರಿ. ಈಗ ವಾಕರ್ ಹಿಡಿದು ಹಿತ್ತಿಲ ಬಾಗಿಲ ತನಕ ಒಬ್ಬರೇ ಹೋಗುತ್ತಾರೆ. ಅದರಾಚೆಯ ಪಾಚಿಗಲ್ಲಿಗೆ ನಾವೇ ಬಿಡುತ್ತಿಲ್ಲ.

ಹೆಸರು ಹಿಡಿದು ಬರೆಯಲು ಹೊರಟರೆ ಪಾಳಿ ಬದಲಾಗುವಾಗ ಬಂದು ಹೋದವರು ಯಾರಾದರೂ ಬಿಟ್ಟುಹೋಗುತ್ತಾರೆ. ಅದಕ್ಕೆ ಮಾಡಿದ ಕೆಲಸವನ್ನೇ ಬರೆದಿದ್ದೇವೆ. ಓದಿದವರಿಗೆ ತಮ್ಮದು ಯಾವುದೆಂದು ಗೊತ್ತಾಗುತ್ತದೆ.

ಮೊದಲು ಒಂದು ಕ್ಷಮೆ. ತೊಡೆಮೂಳೆಯ ಕುತ್ತಿಗೆ ಮುರಿದಿದೆ, ಬೇಗ ಆಪರೇಷನ್ ಆದಷ್ಟೂ ಒಳ್ಳೆಯದು ಎಂದು ನೀವೇ ಹೇಳಿ, ಮರುದಿನ ಬೆಳಿಗ್ಗೆ ನೀವೇ ಮುಂದೂಡಿದಾಗ ನಾವು ದನಿ ಏರಿಸಿದೆವು. ಆಗ ಯೂನಿಟ್ ಡಾಕ್ಟರು ರಕ್ತದ ರಿಪೋರ್ಟ್ ತಿರುಗಿಸಿ ಅದರ ಹಿಂದೆ ಪೆನ್ನಿನಲ್ಲಿ ಬರೆದು ತೋರಿಸಿದರು. ಸೋಡಿಯಂ 122 ಇದೆ, ಕನಿಷ್ಠ 135 ಇರಬೇಕಿತ್ತು. ಬಿಪಿಗೆಂದು ತೆಗೆದುಕೊಳ್ಳುತ್ತಿದ್ದ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿದೆ, ಉಪ್ಪು ಇಳಿದದ್ದು ಅದರಿಂದ. ಇಷ್ಟು ಕಡಿಮೆ ಇರುವಾಗ ಅರಿವಳಿಕೆ ಕೊಟ್ಟರೆ ಅಪಾಯ. ಹಾಗೆಂದು ಒಂದೇ ದಿನದಲ್ಲಿ ಏರಿಸಿಬಿಟ್ಟರೆ ಮಿದುಳಿಗೇ ಪೆಟ್ಟು. ಆದ್ದರಿಂದ 24 ಗಂಟೆಯಲ್ಲಿ ಎಂಟಕ್ಕಿಂತ ಹೆಚ್ಚು ಏರಿಸುವುದಿಲ್ಲ, ಆರಾರು ಗಂಟೆಗೆ ರಕ್ತ ನೋಡುತ್ತೇವೆ ಎಂದರು. ನೋಡಿದಿರಿ ಕೂಡ, ರಾತ್ರಿ ಎರಡು ಗಂಟೆಗೂ. ಮೂರನೇ ದಿನ ಥಿಯೇಟರಿಗೆ ಹೋಗುವಾಗ 131 ಇತ್ತು. ಬೈದವರಿಗೆ ಕೂರಿಸಿ ಲೆಕ್ಕ ಹೇಳುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ ಡಾಕ್ಟರೇ.

ಕಾಯುವ ಆ ಎರಡು ದಿನ ಅಮ್ಮ ನೋವಿನಲ್ಲಿ ನರಳಲಿಲ್ಲ. ಅರಿವಳಿಕೆ ಡಾಕ್ಟರು ಸ್ಕ್ಯಾನಿಂಗ್ ಮೆಷಿನ್ ಇಟ್ಟು ನೋಡಿಕೊಂಡು ತೊಡೆಸಂದಿಯ ನರದ ಸುತ್ತ ಮದ್ದು ಕೊಟ್ಟಿದ್ದರು. ಬೆಡ್‌ಪ್ಯಾನ್ ಇಡಲು ಎತ್ತಿದರೂ ಅಮ್ಮ ಕಿರುಚಲಿಲ್ಲ ಎಂದರೆ ಅದರ ಬೆಲೆ ಗೊತ್ತಾಗಬೇಕು. ಮಂಪರು ಬರಿಸುವ ನೋವಿನ ಇಂಜೆಕ್ಷನ್ ಕಡಿಮೆ ಸಾಕಾಯಿತು. ಥಿಯೇಟರಿನಲ್ಲೂ ಬೆನ್ನಿಗೆ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದಿರಿ. ಮೂಳೆಯೊಳಗೆ ಸಿಮೆಂಟ್ ತುಂಬುವ ಹೊತ್ತಿಗೆ ಕೆಲವರಿಗೆ ಬಿಪಿ ಒಮ್ಮೆಲೇ ಕುಸಿಯುತ್ತದೆ, ಆ ಕೆಲವು ನಿಮಿಷ ಎಲ್ಲರೂ ಮಾತು ನಿಲ್ಲಿಸಿ ಮಾನಿಟರ್ ನೋಡುತ್ತೇವೆ ಎಂದು ಮೊದಲೇ ತಿಳಿಸಿದ್ದಿರಿ. ಹೊರಗೆ ಬೆಂಚಿನಲ್ಲಿ ಕೂತಿದ್ದ ನಾವೂ ಅಷ್ಟು ಹೊತ್ತು ಮಾತಾಡಲಿಲ್ಲ ಅನ್ನಿ.

ಆಪರೇಷನ್ ಮುಗಿದರೆ ಗೆದ್ದಂತೆ ಎಂದುಕೊಂಡಿದ್ದೆವು. ಎರಡನೇ ರಾತ್ರಿ ಅಮ್ಮ ಯಾರನ್ನೂ ಗುರುತಿಸಲಿಲ್ಲ. ಕೊಟ್ಟಿಗೆಯಲ್ಲಿ ದನ ಕೂಗುತ್ತಿದೆ, ಹಾಲು ಕರೆಯಬೇಕು ಎಂದು ಮಂಚ ಇಳಿಯಹೊರಟು ಕೈಯ ಸೂಜಿಯನ್ನು ಕಿತ್ತುಹಾಕಿದರು. ಬುದ್ಧಿಭ್ರಮಣೆಯೇ ಆಯಿತೆಂದು ನಾವು ಹೆದರಿದೆವು. ರಾತ್ರಿ ಪಾಳಿಯ ಸಿಸ್ಟರ್ ಹೆದರಲಿಲ್ಲ, ಕೈ ಕಟ್ಟಲೂ ಇಲ್ಲ. ವಯಸ್ಸಾದವರಿಗೆ ಸೊಂಟದ ಆಪರೇಷನ್ ಆದಮೇಲೆ ಹೀಗಾಗುವುದುಂಟು, ಕಾರಣ ಹುಡುಕೋಣ ಎಂದು ಬೆರಳಿನ ಆಕ್ಸಿಜನ್ ನೋಡಿದರು, ಶುಗರ್ ನೋಡಿದರು, ಡಾಕ್ಟರಿಗೆ ಫೋನ್ ಮಾಡಿ ಸೋಡಿಯಂಗೆ ಮತ್ತೆ ರಕ್ತ ಕಳಿಸಿದರು. ಮೂತ್ರದ ನಳಿಕೆ ಬಗ್ಗಿ ಕಟ್ಟಿಕೊಂಡಿದೆಯೇ, ಹೊಟ್ಟೆ ಕಟ್ಟಿದೆಯೇ ಎಂದು ನೋಡಿದರು. ಆಮೇಲೆ ಕೇಳಿದ್ದು, ‘ಅಜ್ಜಿ ಕನ್ನಡಕ ಹಾಕ್ತಾರಾ? ಕಿವಿ ಮಿಷನ್ ಎಲ್ಲಿ?’ ಎರಡೂ ನಮ್ಮ ಬ್ಯಾಗಿನಲ್ಲಿ ಭದ್ರವಾಗಿದ್ದವು, ಕಳೆದುಹೋಗದಿರಲಿ ಎಂದು ನಾವೇ ತೆಗೆದಿಟ್ಟದ್ದು. ಕಾಣದೆ, ಕೇಳದೆ, ಗೊತ್ತಿಲ್ಲದ ಕೋಣೆಯಲ್ಲಿ ಎಚ್ಚರಾದ ಮನುಷ್ಯರು ಇನ್ನೇನು ಮಾಡುತ್ತಾರೆ?

ಬೆಳಿಗ್ಗೆ ಮಂಚ ಕಿಟಕಿ ಪಕ್ಕಕ್ಕೆ ಬಂತು, ನಳಿಕೆ ತೆಗೆದಾಯಿತು. ನಳಿಕೆ ಇದ್ದಷ್ಟು ದಿನವೂ ಸೋಂಕಿಗೆ ದಾರಿ ಎಂದಿರಿ. ಹಗಲು ಮಲಗಲು ಬಿಡದೆ ಕೂರಿಸಿ, ಪಾಳಿಗೆ ಬಂದವರೆಲ್ಲ ‘ಇವತ್ತು ಯಾವ ವಾರ ಅಜ್ಜಿ?’ ಎಂದು ಕೇಳಿದಿರಿ. ನಾಲ್ಕನೇ ದಿನ ಅಮ್ಮ, ‘ಎಷ್ಟು ಸಲ ಹೇಳ್ಲಿ ಮಾರಾಯ್ತಿ, ಗುರುವಾರ’ ಎಂದು ರೇಗಿದಾಗ ನೀವು ನಕ್ಕಿರಿ, ನಾವು ಅತ್ತೆವು.

ಬಿಲ್ಲಿನಲ್ಲಿ ಕೀಲಿಗೆ ಒಂದು ಸಾಲು, ಸಿಮೆಂಟಿಗೆ ಒಂದು ಸಾಲು ಇದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದಕ್ಕೆ ಸಾಲಿಲ್ಲ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು, ಕಾಲು ಒಂದಕ್ಕೊಂದು ಅಡ್ಡ ಬೀಳದಂತೆ ನಡುವೆ ಇನ್ನೊಂದು ದಿಂಬು. ಅಮ್ಮನ ಬೆನ್ನಿನಲ್ಲಿ, ಹಿಮ್ಮಡಿಯಲ್ಲಿ ಒಂದು ಕೆಂಪು ಗುರುತೂ ಇರಲಿಲ್ಲ. ಆಯಾ ಒಬ್ಬರು ಮಡಿಕೆ ಬಿದ್ದ ಬೆಡ್‌ಶೀಟ್ ಕಂಡರೆ ಸಾಕು, ಎಳೆದು ಸರಿಮಾಡಿಯೇ ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಮೂರು ಚೆಂಡಿನ ಉಸಿರಾಟದ ಆಟಿಕೆಯನ್ನು ಅಮ್ಮ ಮೊದಲು ಊದುತ್ತಿದ್ದರು. ಅದು ಊದುವುದಲ್ಲ, ಒಳಗೆ ಎಳೆಯುವುದು ಎಂದು ಮತ್ತೆ ಮತ್ತೆ ತಿದ್ದಿ, ಎಚ್ಚರವಿರುವ ಪ್ರತಿ ಗಂಟೆಗೂ ಹತ್ತು ಸಲ ಮಾಡಿಸಿದಿರಿ. ಕಫ ಕಟ್ಟಲಿಲ್ಲ, ಜ್ವರ ಬರಲಿಲ್ಲ.

ಫಿಸಿಯೋ ಮೇಡಂ, ನಿಮ್ಮ ಪಾಠ ನಮ್ಮ ಮನೆಯಲ್ಲಿ ಈಗ ಮಗ್ಗಿ. ವಾಕರ್ ಮೊದಲು, ಆಮೇಲೆ ಆಪರೇಷನ್ ಆದ ಕಾಲು, ಆಮೇಲೆ ಒಳ್ಳೆ ಕಾಲು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ. ಕೂರುವ ಕುರ್ಚಿ ಮೊಣಕಾಲಿಗಿಂತ ಎತ್ತರ, ಚಕ್ಕಳಮಕ್ಕಳ ಇಲ್ಲ, ನೆಲದಲ್ಲಿ ಬಿದ್ದದ್ದನ್ನು ಬಗ್ಗಿ ಎತ್ತುವುದಿಲ್ಲ. ಮಣೆಯ ಮೇಲೆ ಕೂತೇ ಉಣ್ಣುತ್ತೇನೆ ಎಂದು ಅಮ್ಮ ಹಟ ಹಿಡಿದಾಗ, ಸೊಂಟ 90 ಡಿಗ್ರಿಗಿಂತ ಹೆಚ್ಚು ಮಡಚಿದರೆ ಗುಂಡು ಬಟ್ಟಲಿನಿಂದ ಹಿಂದಕ್ಕೆ ಜಾರುತ್ತದೆ ಎಂದು ಮುಷ್ಟಿಯನ್ನು ಅಂಗೈಯಲ್ಲಿಟ್ಟು ತೋರಿಸಿದಿರಿ. ನಮ್ಮ ಹತ್ತು ಮಾತು ಮಾಡದ್ದನ್ನು ಆ ಮುಷ್ಟಿ ಮಾಡಿತು.

ಡಿಸ್ಚಾರ್ಜ್ ದಿನ, ರಕ್ತ ಹೆಪ್ಪುಗಟ್ಟದಿರಲು ಹೊಟ್ಟೆಗೆ ಕೊಡುವ ಇಂಜೆಕ್ಷನ್ ಕಲಿಸಿದ ಸಿಸ್ಟರಿಗೆ ಬೇರೆಯೇ ನಮಸ್ಕಾರ. ಸೊಸೆಯ ಕೈ ನಡುಗುತ್ತಿತ್ತು. ಹೊಕ್ಕುಳಿಂದ ಎರಡು ಇಂಚು ದೂರ, ಚರ್ಮ ಚಿವುಟಿ ಹಿಡಿದು ನೇರ ಚುಚ್ಚು, ಒಂದು ದಿನ ಎಡ ಒಂದು ದಿನ ಬಲ, ಕೊಟ್ಟಮೇಲೆ ಉಜ್ಜಬೇಡ ಎಂದು ಹೇಳಿ, ಅವಳ ಕೈಯಲ್ಲೇ ಮೊದಲನೆಯದನ್ನು ಕೊಡಿಸಿದಿರಿ. ಮೀನಖಂಡ ಊದಿದರೆ, ಉಸಿರು ಕಟ್ಟಿದರೆ, ಗಾಯ ಒಸರಿದರೆ ದಿನ ನೋಡಬೇಡಿ, ಹೊರಟು ಬನ್ನಿ ಎಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿರಿ. ಚೀಟಿ ಇನ್ನೂ ಫ್ರಿಜ್ಜಿನ ಮೇಲಿದೆ. ಹದಿನಾಲ್ಕನೇ ದಿನ ಪಿನ್ ತೆಗೆಸಿಕೊಂಡು ಬಂದದ್ದು ಬಿಟ್ಟರೆ ಹೊರಡುವ ಸಂದರ್ಭ ಬರಲಿಲ್ಲ.

ನೀವು ಹೇಳಿದಂತೆ ಮೂಳೆ ಸವಕಳಿಯ ಔಷಧವೂ ಶುರುವಾಗಿದೆ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಜೊತೆಗೆ. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದೇವೆ, ಕಮೋಡ್ ಎತ್ತರಿಸಿದ್ದೇವೆ, ರಾತ್ರಿ ಓಡಾಡುವ ದಾರಿಗೆ ಸಣ್ಣ ದೀಪ ಇಟ್ಟಿದ್ದೇವೆ. ಬಾಗಿಲ ಬಳಿಯ ಚಾಪೆ ಅಟ್ಟ ಸೇರಿದೆ.

ಪತ್ರದ ಜೊತೆಗಿರುವ ಡಬ್ಬಿಯಲ್ಲಿ ಕೋಡುಬಳೆ ಇದೆ. ಎತ್ತರದ ಕುರ್ಚಿಯಲ್ಲಿ ಕೂತು ಅಮ್ಮನೇ ಹೊಸೆದದ್ದು, ಕರಿದದ್ದು ಮಾತ್ರ ಸೊಸೆ. ರಾತ್ರಿ ಪಾಳಿಯವರಿಗೆ ಉಳಿಯುವುದಿಲ್ಲ ಎಂದು ಅಮ್ಮನಿಗೆ ಅನುಮಾನ, ಅದಕ್ಕೆ ಅವರಿಗೆ ಬೇರೆ ಡಬ್ಬಿ, ಮೇಲೆ ‘ರಾತ್ರಿ’ ಎಂದು ಬರೆದಿದೆ. ಡಬ್ಬಿಗಳನ್ನು ಮೂರು ತಿಂಗಳ ತಪಾಸಣೆಗೆ ಬಂದಾಗ ಅಮ್ಮನೇ ಬಂದು ತೆಗೆದುಕೊಳ್ಳುತ್ತಾರಂತೆ.

ಇಂತಿ,
ಸರೋಜಮ್ಮನ ಮಕ್ಕಳು, ಸೊಸೆ, ಮೊಮ್ಮಕ್ಕಳು
ತೀರ್ಥಹಳ್ಳಿ